ಸಂದಿಯೇ ಇಲ್ಲದಂತಾಗುವ ಕಲ್ಲುಹಾಸು

ಎಲ್ಲರಿಗೂ ನಮಸ್ಕಾರ. 2005ರಲ್ಲಿ ಗ್ರಾಫಿಕ್ಸ್ ಚಿಪ್ ಮಾಡುತ್ತಿದ್ದ ಎಟಿಐ ಕಂಪನಿ ಟಾಯ್‌ಶಾಪ್ ಅನ್ನೋ ಡೆಮೊ ತೋರಿಸಿತ್ತು. ಮಳೆ ಬೀಳುವ ರಾತ್ರಿ, ಕಲ್ಲು ಹಾಸಿದ ಬೀದಿ. ಆ ಕಲ್ಲುಗಳ ಉಬ್ಬು ಬಂದಿದ್ದು ಪ್ಯಾರಲಾಕ್ಸ್ ಅಕ್ಲೂಷನ್ ಮ್ಯಾಪಿಂಗ್‌ನಿಂದ. ಕೆಳಗಿರುವುದು ಚಪ್ಪಟೆ ನೆಲವೇ.

ಮಾಡುವುದು ಇಷ್ಟು. ಪಿಕ್ಸೆಲ್‌ನ ಬಣ್ಣ ಲೆಕ್ಕ ಹಾಕುವ ಪುಟ್ಟ ಪ್ರೋಗ್ರಾಂ ಶೇಡರ್. ಪ್ರತಿ ಪಿಕ್ಸೆಲ್‌ನಲ್ಲೂ ಕ್ಯಾಮೆರಾದ ನೋಟ ನೆಲ ಮುಟ್ಟಿದ ಜಾಗದಿಂದ ಅದು ಹೆಜ್ಜೆ ಹಾಕುತ್ತಾ ಒಳಗೆ ಇಳಿಯುತ್ತದೆ. ಪ್ರತಿ ಹೆಜ್ಜೆಗೂ ಹೈಟ್ ಮ್ಯಾಪ್, ಅಂದರೆ ಎಲ್ಲೆಲ್ಲಿ ಎಷ್ಟು ಎತ್ತರ ಅಂತ ಬರೆದಿಟ್ಟ ಚಿತ್ರವನ್ನು ಓದುತ್ತದೆ. ಕಲ್ಲಿನೊಳಗೆ ಹೊಕ್ಕೆವು ಅಂತ ಗೊತ್ತಾದ ಕೂಡಲೇ, ಕೊನೆಯ ಎರಡು ಹೆಜ್ಜೆಗಳ ನಡುವೆ ನೇರ ಗೆರೆ ಎಳೆದು ತಾಗಿದ ಜಾಗವನ್ನು ಅಂದಾಜು ಮಾಡುತ್ತದೆ.

ಒಂದು ಲೆಕ್ಕ ಹಾಕೋಣ. ಕಲ್ಲುಗಳ ನೆತ್ತಿ ಚಪ್ಪಟೆ. ನಡುವಿನ ಸಂದಿಯ ಆಳ 4 ಸೆಂ.ಮೀ., ಅಗಲ 1.5 ಸೆಂ.ಮೀ. ನೋಟ ಲಂಬದಿಂದ 45 ಡಿಗ್ರಿ ವಾಲಿದ್ದರೆ, ತಳ ಸೇರುವಷ್ಟರಲ್ಲಿ ಅಡ್ಡಕ್ಕೆ ಸರಿಯುವುದು 4 ಸೆಂ.ಮೀ. 85 ಡಿಗ್ರಿಯಲ್ಲಿ? ಸುಮಾರು 46! ಅದನ್ನು 16 ಹೆಜ್ಜೆ ಮಾಡಿದರೆ ಒಂದೊಂದೂ 2.9 ಸೆಂ.ಮೀ. ಸಂದಿಗಿಂತ ಹೆಜ್ಜೆಯೇ ದೊಡ್ಡದು.

ಈಗ ನೋಟ ಸಂದಿಯ ಈಚೆ ಅಂಚಿನಲ್ಲಿ ಶುರುವಾಗಲಿ. ನಿಜವಾದ ಕಲ್ಲಾದರೆ 1.5 ಸೆಂ.ಮೀ. ಆಚೆ, ಎದುರಿನ ಕಲ್ಲಿನ ಪಕ್ಕಕ್ಕೆ ತಾಗಬೇಕು. ನಮ್ಮ ಶೇಡರ್ ಒಂದೇ ನೆಗೆತಕ್ಕೆ ಕಲ್ಲಿನೊಳಗೆ ಹೋಗಿಬಿಟ್ಟಿರುತ್ತದೆ. ಸಂದಿಯ ತಳದಿಂದ ಕಲ್ಲಿನ ನೆತ್ತಿಯವರೆಗೆ ಇಳಿಜಾರಿದೆ ಅಂತ ನಂಬಿ ಗೆರೆ ಎಳೆಯುತ್ತದೆ. ಉತ್ತರ ಬರುವುದು 2.7. ಅಂದರೆ ಕಲ್ಲಿನ ಪಕ್ಕದ ಬದಲು ನೆತ್ತಿಯ ಬಣ್ಣ ಸಿಗುತ್ತದೆ. ಸಂದಿ ಮುಚ್ಚಿಹೋಗುತ್ತದೆ, ಕ್ಯಾಮೆರಾ ಅಲುಗಿದರೆ ಕಲ್ಲುಗಳು ಈಜಿದ ಹಾಗೆ ಕಾಣುತ್ತವೆ.

ಹಾಗಾಗಿ ಓರೆ ನೋಟಕ್ಕೆ ಹೆಜ್ಜೆ ಜಾಸ್ತಿ ಮಾಡುತ್ತಾರೆ. `V` ನೋಟದ ದಿಕ್ಕು, `V.z` ಅದರ ಲಂಬ ಭಾಗ. ಟೆಕ್ಸ್ಚರ್ 1 ಮೀಟರ್ ಅಗಲ ಅಂದುಕೊಂಡರೆ:

```glsl
float n = mix(64.0, 8.0, abs(V.z));
vec2 d = V.xy / V.z * 0.04 / n;
```

ಎರಡನೇ ಸಾಲಿನ `V.z` ಗಮನಿಸಿ. ನೋಟ ನೆಲಕ್ಕೆ ಸಮವಾದಷ್ಟೂ ಅದು ಸೊನ್ನೆಗೆ ಹತ್ತಿರ, ಭಾಗಿಸಿದ ಉತ್ತರ ಎಲ್ಲೆಲ್ಲೋ ಹೋಗುತ್ತದೆ. 64 ಹೆಜ್ಜೆ ಇದ್ದರೂ 89 ಡಿಗ್ರಿಯಲ್ಲಿ ಮತ್ತೆ ಅದೇ ಗೋಳು. ನಾನಂತೂ ಅಲ್ಲಿ ಆಳವನ್ನೇ ಮೆಲ್ಲಗೆ ಇಳಿಸಿ, ಬೆಳಕಿನ ಆಟದಿಂದಷ್ಟೇ ಉಬ್ಬು ತೋರಿಸುವ ನಾರ್ಮಲ್ ಮ್ಯಾಪ್‌ಗೆ ಸುಮ್ನೆ ಬಿಟ್ಟುಬಿಡುತ್ತೇನೆ. ದೂರದ ನೆಲದಲ್ಲಿ ಯಾರೂ ಗುರುತಿಸುವುದಿಲ್ಲ.

ಅಂಚಿನ ತೊಂದರೆ ಬೇರೆ. ಅದಕ್ಕೆ ಹೆಜ್ಜೆ ಎಷ್ಟು ಹೆಚ್ಚಿಸಿದರೂ ಪ್ರಯೋಜನವಿಲ್ಲ. ಕಲ್ಲು ಹಾಸಿದ ಒಂದು ಮೆಟ್ಟಿಲನ್ನು ಪಕ್ಕದಿಂದ ನೋಡಿ. ತುದಿ ಕಲ್ಲುಕಲ್ಲಾಗಿ ಏರಿಳಿಯಬೇಕು, ಅಲ್ವಾ? ಇಲ್ಲಿ ಸ್ಕೇಲ್ ಇಟ್ಟು ಗೀಚಿದ ಗೆರೆ. ಪಾಲಿಗಾನ್ ಇರುವ ಪಿಕ್ಸೆಲ್‌ಗಳಲ್ಲಿ ಮಾತ್ರ ಶೇಡರ್ ಓಡುವುದರಿಂದ ಅದು ಹೊರಗೆ ಏನನ್ನೂ ಬರೆಯಲಾರದು. ಜೊತೆಗೆ ನೋಟ ಅಂಚು ದಾಟಿದರೆ ಟೆಕ್ಸ್ಚರ್ ಸುತ್ತಿ ಬಂದು, ಆ ಬದಿಯ ಕಲ್ಲು ಈ ಬದಿಯಲ್ಲಿ ಕಾಣಿಸಿಕೊಳ್ಳುತ್ತದೆ. ದಾಟಿದ ಪಿಕ್ಸೆಲ್‌ಗಳನ್ನು `discard` ಮಾಡಿದರೆ ಚಪ್ಪಟೆ ಮೇಲ್ಮೈಯ ಅಂಚು ಒಳಮುಖವಾಗಿ ಕೊರೆದಂತೆ ಆಗುತ್ತದೆ. ಬಾಗಿದ ಮೇಲ್ಮೈಗೆ ಈ ಉಪಾಯ ನಡೆಯದು. ಮೆಟ್ಟಿಲಿಗಾದರೆ ನಾನು ತುದಿಯ ಒಂದು ಸಾಲು ಕಲ್ಲನ್ನು ನಿಜವಾದ ಮೆಶ್‌ನಲ್ಲೇ ಮಾಡಿ, ಹಿಂದಿನ ನೆಲವನ್ನಷ್ಟೇ ಶೇಡರ್‌ಗೆ ಬಿಡುತ್ತೇನೆ.