ಹೋದ ವರ್ಷದ 40 ಕೋಟಿ ಈ ವರ್ಷ 38 ಆದದ್ದು ಹೇಗೆ?
(ತುಮಕೂರಿನಲ್ಲಿ ಬಿ.ಕಾಂ. ವಿದ್ಯಾರ್ಥಿಗಳಿಗೆ ನೀಡಿದ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ. ಬ್ಯಾಲೆನ್ಸ್ ಶೀಟನ್ನು ನೀವೆಲ್ಲ ಓದಿದ್ದೀರಿ. ಅದರ ಹಿಂದೆಯೇ ಬರುವ ಈಕ್ವಿಟಿ ಬದಲಾವಣೆಗಳ ಪಟ್ಟಿಯನ್ನು ಮಾತ್ರ ಸುಮ್ನೆ ದಾಟಿಬಿಡುತ್ತೀರಿ, ಅಲ್ವಾ? ಇಂಡ್ ಎಎಸ್ ಅನ್ನುವ ಭಾರತೀಯ ಲೆಕ್ಕಪತ್ರ ಮಾನದಂಡಗಳನ್ನು ಪಾಲಿಸುವ ಕಂಪನಿಗಳಲ್ಲಿ ಇದು ಪ್ರತ್ಯೇಕ ಪಟ್ಟಿಯಾಗಿಯೇ ಇರುತ್ತದೆ. ಇವತ್ತು ಅದರಲ್ಲಿ ಒಂದೇ ಕಾಲಂ ನೋಡೋಣ: ರಿಟೇನ್ಡ್ ಅರ್ನಿಂಗ್ಸ್. ಅಂದರೆ ಹಂಚದೆ ಉಳಿಸಿಕೊಂಡ ಲಾಭ. (ಇದು ಬ್ಯಾಂಕಿನಲ್ಲಿರುವ ದುಡ್ಡಲ್ಲ. ಆ ಲಾಭ ಎಂದೋ ಮೆಷಿನ್ ಆಗಿರಬಹುದು, ದಾಸ್ತಾನು ಆಗಿರಬಹುದು.)

ತಿಪಟೂರಿನ ಕೊಬ್ಬರಿ ಕೊಂಡು ಪುಡಿ ಮಾಡಿ ಮಾರುವ ಒಂದು ಕಂಪನಿ ಇದೆ ಅಂದುಕೊಳ್ಳಿ. 2024ರ ಮಾರ್ಚ್ 31ಕ್ಕೆ ಅದರ ಉಳಿಕೆ 40 ಕೋಟಿ. 2024-25ರಲ್ಲಿ ತೆರಿಗೆ ಕಳೆದು ಲಾಭ 9 ಕೋಟಿ. 2024ರ ಸೆಪ್ಟೆಂಬರ್‌ನಲ್ಲಿ ಷೇರುದಾರರ ವಾರ್ಷಿಕ ಸಭೆ 3 ಕೋಟಿ ಡಿವಿಡೆಂಡ್ ಒಪ್ಪಿತು. 2025ರ ಮೇನಲ್ಲಿ ಆಡಳಿತ ಮಂಡಳಿ ಇನ್ನೊಂದು 4 ಕೋಟಿ ಶಿಫಾರಸು ಮಾಡಿತು. ಈಗ ಹೇಳಿ, 2024-25ರಲ್ಲಿ ಎಷ್ಟು ಕಳೆಯಬೇಕು?

ಜಾಸ್ತಿ ಜನ 4 ಅನ್ನುತ್ತಾರೆ, ಅದು ಈ ವರ್ಷದ ಲಾಭದಿಂದ ಕೊಡುವುದಲ್ವಾ ಅಂತ. ಕಳೆಯಬೇಕಾದ್ದು 3. ಮಂಡಳಿ ಬರೀ ಶಿಫಾರಸು ಮಾಡುತ್ತದೆ. ಸಭೆ ಒಪ್ಪುವವರೆಗೆ ಅದು ಸಾಲವೇ ಅಲ್ಲ. ಮಾರ್ಚ್ 31ರಂದು ಆ 4 ಕೋಟಿಯ ಹೊಣೆ ಕಂಪನಿಯ ಮೇಲೆ ಇರಲಿಲ್ಲ. ಟಿಪ್ಪಣಿಯಲ್ಲಿ ಬರೆದರೆ ಸಾಕು, ಕಳೆಯುವುದು 2025-26ರಲ್ಲಿ. ಹಾಗಾಗಿ ಈ ಕಾಲಂನಲ್ಲಿ ಡಿವಿಡೆಂಡ್ ಸಾಮಾನ್ಯವಾಗಿ ಲಾಭಕ್ಕಿಂತ ಒಂದು ವರ್ಷ ಹಿಂದೆ ನಡೆಯುತ್ತದೆ. ಮಧ್ಯಂತರ ಡಿವಿಡೆಂಡ್ ಇದ್ದರೆ ಮಾತ್ರ ಕತೆ ಬೇರೆ.

ಅಲ್ಲಿಗೆ 40ಕ್ಕೆ 9 ಕೂಡಿಸಿ 3 ಕಳೆದರೆ 46. ಆದರೆ ಪಟ್ಟಿಯಲ್ಲಿ 44 ಇದೆ! ಆರಂಭದ ಶಿಲ್ಕೇ 38 ಅಂತಿದೆ.

ಆದದ್ದಿಷ್ಟು. 2024ರ ಮಾರ್ಚ್ ಕೊನೆಗೆ ಒಂದು ಗೋಡೌನಿನ ಕೊಬ್ಬರಿಯನ್ನು ಎರಡು ಸಲ ಎಣಿಸಿದ್ದರು. ದಾಸ್ತಾನು 2 ಕೋಟಿ ಜಾಸ್ತಿ, ಲಾಭವೂ ಅಷ್ಟೇ ಜಾಸ್ತಿ. ತೆರಿಗೆ ಪರಿಣಾಮ ಸದ್ಯಕ್ಕೆ ಬಿಡಿ. ತಪ್ಪು ಮರುವರ್ಷ ಸಿಕ್ಕಿತು. ಇಂಡ್ ಎಎಸ್ 8ರ ಪ್ರಕಾರ, ಇಂಥ ದೊಡ್ಡ ತಪ್ಪನ್ನು ಅದು ನಡೆದ ವರ್ಷಕ್ಕೇ ಹೋಗಿ ತಿದ್ದಬೇಕು. ಅದಕ್ಕೇ ಹಿಂದಿನ ವರ್ಷದ ಲಾಭ 2 ಕೋಟಿ ಇಳಿಯಿತು, 40 ಹೋಗಿ 38 ಆಯಿತು.

ತಿದ್ದದೆ ಬಿಟ್ಟಿದ್ದರೆ? ಇಲ್ಲಿದೆ ತಮಾಷೆ. ಹಿಂದಿನ ವರ್ಷದ ಕೊನೆಯ ದಾಸ್ತಾನು ಈ ವರ್ಷದ ಆರಂಭದ ದಾಸ್ತಾನು ತಾನೆ? ಖರ್ಚು 2 ಕೋಟಿ ಉಬ್ಬಿ, ಈ ವರ್ಷದ ಲಾಭ 7ಕ್ಕೆ ಇಳಿಯುತ್ತಿತ್ತು. 40ಕ್ಕೆ 7 ಕೂಡಿಸಿ 3 ಕಳೆಯಿರಿ, ಆಗಲೂ 44! ಕೊನೆಯ ಅಂಕಿ ಮಾತ್ರ ನೋಡುವವನಿಗೆ ಏನೂ ಗೊತ್ತಾಗುವುದಿಲ್ಲ. ಆದರೆ ಒಂದು ವರ್ಷ ಇಲ್ಲದ ಲಾಭ ತೋರಿಸಿ, ಮರುವರ್ಷ ಇದ್ದ ಲಾಭವನ್ನು ಮುಚ್ಚಿಟ್ಟಂತಾಗುತ್ತಿತ್ತು.

ಅದಕ್ಕೇ ನಾನು ಎರಡು ವರ್ಷಗಳ ವರದಿಗಳನ್ನು ಪಕ್ಕಪಕ್ಕ ಇಟ್ಟುಕೊಂಡೇ ಓದುವುದು. ಹಳೆಯದರ ಕೊನೆಯ ಶಿಲ್ಕಿನ ಮೇಲೆ ಒಂದು ಬೆರಳು, ಹೊಸದರ ಆರಂಭದ ಶಿಲ್ಕಿನ ಮೇಲೆ ಇನ್ನೊಂದು. ಎರಡೂ ಹೊಂದದಿದ್ದರೆ ಲಾಭದ ಪುಟಕ್ಕೆ ಹೋಗುವ ಮೊದಲು ಟಿಪ್ಪಣಿ ತೆಗೆಯುತ್ತೇನೆ.