ಮೂವತ್ತು ಗ್ರಾಂ ಚಾಕೊಲೇಟಿನ ಲೆಕ್ಕ

ಕೇಳುಗರಿಗೆಲ್ಲ ನಮಸ್ಕಾರ.

ಜಾರ್ಜ್ ಆರ್ವೆಲ್ ಬರೆದ ‘ನೈಂಟೀನ್ ಎಯ್ಟಿ ಫೋರ್’ ಕಾದಂಬರಿಯ ಹೆಸರು ತೆಗೆದರೆ ಸಾಕು, ಎಲ್ಲರೂ ಒಂದೇ ಮಾತು ಹೇಳುತ್ತಾರೆ: “ಓ, ದೊಡ್ಡಣ್ಣ ನೋಡ್ತಾ ಇರ್ತಾನಲ್ಲ, ಆ ಕ್ಯಾಮರಾ ಕಥೆ ಅಲ್ವಾ?” ವರ್ಷಗಟ್ಟಲೆ ಈ ಪುಸ್ತಕ ಪಾಠ ಮಾಡಿದವಳು ನಾನು. ಈ ಮಾತು ಕೇಳಿ ಕೇಳಿ ಸಾಕಾಗಿದೆ. ಗೋಡೆ ಮೇಲೆ ಜನರನ್ನು ನೋಡುತ್ತಲೇ ಸುದ್ದಿಯನ್ನೂ ಹೇಳುವ ಟೆಲಿಸ್ಕ್ರೀನ್ ಅನ್ನುವ ಪರದೆ ಇದೆ, ಇಲ್ಲ ಅನ್ನಲ್ಲ. ಆದರೆ ಅದನ್ನು ಸ್ವಲ್ಪ ಬದಿಗಿಡಿ. ಇವತ್ತು ನಿಮ್ಮನ್ನು ಆ ಕಥೆಯ ಒಂದು ಕಚೇರಿಯೊಳಗೆ ಕರೆದುಕೊಂಡು ಹೋಗುತ್ತೇನೆ. ಅಲ್ಲಿ ನಡೆಯುವ ಕೆಲಸ ಇಷ್ಟೇ: ಜನರಿಗೆ ತಾಳೆ ನೋಡಲು ಏನೂ ಸಿಗದ ಹಾಗೆ ಮಾಡುವುದು.

ಊರು ಲಂಡನ್. ಕಚೇರಿಯ ಹೆಸರು ಸತ್ಯ ಸಚಿವಾಲಯ. ಹೆಸರಿಗೆ ನಗಬೇಡಿ, ಯುದ್ಧ ನಡೆಸುವ ಇಲಾಖೆಗೆ ಅಲ್ಲಿ ಶಾಂತಿ ಸಚಿವಾಲಯ ಅಂತಾರೆ. ಸತ್ಯ ಸಚಿವಾಲಯದ ದಾಖಲೆ ವಿಭಾಗದಲ್ಲಿ ವಿನ್‌ಸ್ಟನ್ ಸ್ಮಿತ್ ಅಂತ ಒಬ್ಬ ಗುಮಾಸ್ತ. ಅವನ ಮೇಜಿನ ಹತ್ತಿರ ಗೋಡೆಯಲ್ಲಿ ಮೂರು ಕಿಂಡಿ. ಒಂದರಲ್ಲಿ ಚೀಟಿ ಬರುತ್ತದೆ, ಇನ್ನೊಂದರಲ್ಲಿ ಹಳೆಯ ಪತ್ರಿಕೆ ಬರುತ್ತದೆ. ಮೂರನೆಯದು ಕಸದ ಕಾಗದಕ್ಕೆ, ಅದರೊಳಗೆ ಹಾಕಿದ್ದು ನೇರ ಬೆಂಕಿಗೆ. ಅದಕ್ಕೆ ‘ನೆನಪಿನ ಕಿಂಡಿ’ ಅಂತ ಹೆಸರು. ನೆನಪು ಇಡುವ ಕಿಂಡಿ ಅಂದುಕೊಳ್ಳಬೇಡಿ, ನೆನಪು ಸುಡುವ ಕಿಂಡಿ.

ಈಗ ನನಗೆ ತುಂಬ ಇಷ್ಟದ ಭಾಗ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಬೇಸರ ಮಾಡ್ಕೋಬೇಡಿ.

ಫೆಬ್ರವರಿ ತಿಂಗಳಲ್ಲಿ ಸರ್ಕಾರ ಒಂದು ಮಾತು ಕೊಟ್ಟಿತ್ತು: 1984ರಲ್ಲಿ ಚಾಕೊಲೇಟ್ ರೇಷನ್ ಕಡಿಮೆ ಮಾಡುವುದಿಲ್ಲ. ಏಪ್ರಿಲ್ ಬಂತು. ವಾರಕ್ಕೆ ಮೂವತ್ತು ಗ್ರಾಂ ಇದ್ದದ್ದನ್ನು ಇಪ್ಪತ್ತಕ್ಕೆ ಇಳಿಸುತ್ತೇವೆ ಅಂತ ಪ್ರಕಟಣೆ ಆಯಿತು. ಈಗ ಆ ಮಾತು ಅಚ್ಚಾಗಿದ್ದ ಫೆಬ್ರವರಿಯ ಪತ್ರಿಕೆಯನ್ನು ಏನು ಮಾಡುವುದು? ವಿನ್‌ಸ್ಟನ್‌ಗೆ ಚೀಟಿ ಬರುತ್ತದೆ. ಅದರಲ್ಲಿ ‘ಸುಳ್ಳು ಬರಿ’ ಅಂತ ಇರುವುದಿಲ್ಲ. ಯಾವ ಚೀಟಿಯಲ್ಲೂ ಹಾಗೆ ಇರುವುದಿಲ್ಲ. ಅಚ್ಚಿನ ತಪ್ಪು, ಕಣ್ತಪ್ಪು, ಹೇಳಿದ್ದು ಬೇರೆ ಬರೆದದ್ದು ಬೇರೆ, ಸರಿಪಡಿಸಿ, ಇಷ್ಟೇ. ಅವನು ಪತ್ರಿಕೆ ತರಿಸಿಕೊಂಡು, ಕೊಟ್ಟ ಮಾತನ್ನು ತೆಗೆದು, ‘ಏಪ್ರಿಲ್ ಹೊತ್ತಿಗೆ ರೇಷನ್ ಇಳಿಸಬೇಕಾಗಬಹುದು’ ಎಂಬ ಎಚ್ಚರಿಕೆ ಸೇರಿಸುತ್ತಾನೆ. ಆ ದಿನದ ಸಂಚಿಕೆ ಪೂರ್ತಿ ಮತ್ತೆ ಅಚ್ಚಾಗುತ್ತದೆ. ಹಳೆಯ ಪ್ರತಿ ಬೂದಿ. ಹೊಸದು ಹಳೆಯ ತಾರೀಖು ಹೊತ್ತುಕೊಂಡು ಕಡತದಲ್ಲಿ ಕೂರುತ್ತದೆ. ಚೀಟಿಯೂ ಬೆಂಕಿಗೆ ಹೋಗುತ್ತದೆ, ಹಾಗಾಗಿ ತಿದ್ದಿದ್ದಕ್ಕೂ ಗುರುತಿಲ್ಲ.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅದೇ ದಿನ ಮಧ್ಯಾಹ್ನ ವಿನ್‌ಸ್ಟನ್ ಕ್ಯಾಂಟೀನಿನಲ್ಲಿ ಊಟಕ್ಕೆ ಕೂತಿದ್ದಾನೆ. ಟೆಲಿಸ್ಕ್ರೀನ್ ಹೇಳುತ್ತದೆ: ಚಾಕೊಲೇಟ್ ರೇಷನ್ನನ್ನು ಇಪ್ಪತ್ತು ಗ್ರಾಮಿಗೆ ‘ಏರಿಸಿದ್ದಕ್ಕೆ’ ಆ ನಾಡಿನ ನಾಯಕ ದೊಡ್ಡಣ್ಣನಿಗೆ ಕೃತಜ್ಞತೆ ಹೇಳಲು ಜನ ಮೆರವಣಿಗೆ ಮಾಡಿದರಂತೆ! ನಿನ್ನೆ ತಾನೇ ಇಳಿಸುತ್ತೇವೆ ಅಂದಿದ್ದು. ಒಂದೇ ದಿನದಲ್ಲಿ ಏರಿಸಿದ್ದಾಗಿ ಹೋಯಿತು. ವಿನ್‌ಸ್ಟನ್ ಸುತ್ತ ನೋಡುತ್ತಾನೆ. ಪಕ್ಕದಲ್ಲಿದ್ದ ನೆರೆಮನೆಯ ಪಾರ್ಸನ್ಸ್ ಸಲೀಸಾಗಿ ನಂಬಿಬಿಟ್ಟ. ಅದೇ ಸಚಿವಾಲಯದ ಜಾಣ ಸೈಮ್ ಕೂಡ ನಂಬಿದ, ಆದರೆ ಅವನದು ಬೇರೆ ದಾರಿ. ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಮನಸ್ಸನ್ನು ಪಳಗಿಸಿಕೊಂಡವನು ಅವನು. ನೆನಪು ಇರೋದು ನನ್ನೊಬ್ಬನಿಗೇನಾ ಅಂತ ವಿನ್‌ಸ್ಟನ್‌ಗೆ ಗಾಬರಿಯಾಗುತ್ತದೆ.

ನನ್ನ ತರಗತಿಯಲ್ಲಿ ಒಬ್ಬ ಹುಡುಗ ಎದ್ದು ನಿಂತು ಕೇಳಿದ್ದ, “ಅಲ್ಲ ಮೇಡಂ, ಹತ್ತು ಗ್ರಾಮಿಗೆ ಇಷ್ಟೊಂದು ರಾದ್ಧಾಂತ ಯಾಕೆ? ಕೊಡೋಕಾಗಲ್ಲ ಅಂತ ಹೇಳಿಬಿಟ್ಟರೆ ಆಯ್ತಪ್ಪ.” ಒಳ್ಳೆಯ ಪ್ರಶ್ನೆ. ನಾನು ಕೇಳಿದೆ, ಮೂವತ್ತು ಅಂತ ಎಲ್ಲೋ ಒಂದು ಕಡೆ ಉಳಿದರೆ ಏನಾಗುತ್ತೆ? ಅವನೇ ಯೋಚನೆ ಮಾಡಿ ಹೇಳಿದ, “ಹಾಗಾದ್ರೆ ಬೂಟಿನ ಲೆಕ್ಕ ಏನಾಯ್ತು ಅಂತಾನೂ ಕೇಳ್ತಾರೆ.” ಭೇಷ್! ಪಾಠ ಅಲ್ಲಿಗೆ ಮುಗಿಯಿತು ಅಂತ ನನಗೆ ಅನಿಸಿತ್ತು. ತಾಳೆ ನೋಡುವ ಅಭ್ಯಾಸ ಚಾಕೊಲೇಟಿನಿಂದ ಶುರುವಾದರೆ ಎಲ್ಲಿಗೆ ಹೋಗಿ ನಿಲ್ಲುತ್ತದೋ ಯಾರು ಬಲ್ಲರು?

ಬೂಟಿನ ಲೆಕ್ಕವನ್ನೂ ಕೇಳಿಬಿಡಿ. ಮೂರು ತಿಂಗಳಲ್ಲಿ ಹದಿನಾಲ್ಕೂವರೆ ಕೋಟಿ ಜೊತೆ ಬೂಟು ತಯಾರಾಗುತ್ತದೆ ಅಂತ ಅಂದಾಜು. ಆಗಿದ್ದು ಆರು ಕೋಟಿ ಇಪ್ಪತ್ತು ಲಕ್ಷ ಅಂತ ವರದಿ. ವಿನ್‌ಸ್ಟನ್ ಹಳೆಯ ಅಂದಾಜನ್ನೇ ಐದು ಕೋಟಿ ಎಪ್ಪತ್ತು ಲಕ್ಷಕ್ಕೆ ಇಳಿಸಿ ಬರೆಯುತ್ತಾನೆ. ಗುರಿ ಮೀರಿ ಸಾಧನೆ! ಬೂಟು ಒಂದೂ ತಯಾರಾಗಿರಲಿಕ್ಕಿಲ್ಲ. ಅರ್ಧ ದೇಶ ಬರಿಗಾಲಲ್ಲಿ ಓಡಾಡುತ್ತಿರಬಹುದು. ತನ್ನ ಕಾಲು ಬರಿಗಾಲು ಅನ್ನುವುದು ಒಬ್ಬೊಬ್ಬನಿಗೂ ಗೊತ್ತು. ಆದರೆ ಅದನ್ನು ಯಾವ ಕಾಗದದ ಜೊತೆ ತಾಳೆ ಹಾಕುತ್ತಾನೆ?

ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ, ಸಮಯ ಜಾಸ್ತಿ ಇಲ್ಲ. ಭಾಷೆಯ ವಿಷಯ ಬೇಗ ಹೇಳುತ್ತೇನೆ. ಅಂದ ಹಾಗೆ, ಆರ್ವೆಲ್ ಕೂಡ ಇಂಥ ಮೈಕಿನ ಮುಂದೆ ಕೂತವನೇ. ಹುಟ್ಟಿದ್ದು ನಮ್ಮ ಬಿಹಾರದ ಮೋತಿಹಾರಿಯಲ್ಲಿ. 1941ರಿಂದ 43ರವರೆಗೆ ಬಿಬಿಸಿಯಲ್ಲಿದ್ದು ಭಾರತಕ್ಕೆ ಭಾಷಣ ಬಿತ್ತರಿಸುತ್ತಿದ್ದ. ಯುದ್ಧದ ಕಾಲ. ಸೆನ್ಸಾರ್‌ನವರು ನೋಡಿ ಒಪ್ಪಿದ ಮೇಲೆಯೇ ಓದಬೇಕಿತ್ತು. ಬರೆದ ಸಾಲಿನ ಮೇಲೆ ಇನ್ನೊಬ್ಬರ ಪೆನ್ಸಿಲ್ ಓಡಾಡುವುದು ಅವನಿಗೆ ಹೊಸದಲ್ಲ.

ಆ ಸೈಮ್ ಇದ್ದಾನಲ್ಲ, ಅವನ ಕೆಲಸ ನಿಘಂಟು. ನ್ಯೂಸ್ಪೀಕ್ ಅನ್ನುವ ಹೊಸ ಭಾಷೆಯ ಹನ್ನೊಂದನೆಯ ಆವೃತ್ತಿ. ಎಲ್ಲ ನಿಘಂಟೂ ದಪ್ಪ ಆಗುತ್ತಾ ಹೋಗುತ್ತವೆ, ಇದು ತೆಳ್ಳಗಾಗುತ್ತದೆ. ‘ಒಳ್ಳೆ’ ಅಂತ ಒಂದು ಪದ ಇದ್ದರೆ ‘ಕೆಟ್ಟ’ ಯಾಕೆ ಅಂತ ಅವನ ವಾದ. ಕನ್ನಡದಲ್ಲಿ ಯೋಚಿಸಿ ನೋಡಿ. ಕೆಟ್ಟ, ಹೊಲಸು, ನೀಚ, ದರಿದ್ರ, ಕಿಡಿಗೇಡಿ, ಅನ್ಯಾಯ, ಎಲ್ಲಕ್ಕೂ ಗೀಟು. ಉಳಿಯುವುದು ‘ಒಳ್ಳೆ’ ಮತ್ತು ‘ಒಳ್ಳೆಯಲ್ಲದ’. ಈಗ ಸರ್ಕಾರದ ಮೇಲೆ ನಿಮ್ಮ ದೂರು ಹೇಳಿ ನೋಡೋಣ! ‘ಮುಕ್ತ’ ಅನ್ನುವ ಪದ ಮಾತ್ರ ಉಳಿಸಿಕೊಂಡಿದ್ದಾರೆ. ನಾಯಿ ಹೇನಿನಿಂದ ಮುಕ್ತವಾಗಿದೆ, ಅಂಥ ವಾಕ್ಯಕ್ಕೆ. ಮನುಷ್ಯ ಮುಕ್ತನಾಗಿರಬೇಕು ಅನ್ನುವುದಕ್ಕೆ ಆ ಪದ ಒದಗಿ ಬರುವುದಿಲ್ಲ.

ನೋಡಿ, ಇದೂ ಅದೇ ಕೆಲಸ. ಕಾಗದ ಸುಟ್ಟರೆ ಹೊರಗಿನ ತಾಳೆ ಹೋಯಿತು. ಆದರೂ ಒಬ್ಬನ ಹೊಟ್ಟೆಯಲ್ಲಿ ಏನೋ ಸರಿಯಿಲ್ಲ ಅನ್ನುವ ಸಂಕಟ ಉಳಿದಿರುತ್ತದೆ. ಅದಕ್ಕೆ ಹೆಸರಿಡುವ ಪದವನ್ನೂ ತೆಗೆದರೆ ಒಳಗಿನ ತಾಳೆಯೂ ಹೋಯಿತು. 2050ರ ಹೊತ್ತಿಗೆ ತಪ್ಪು ಯೋಚನೆ ಮಾಡುವುದೇ ಸಾಧ್ಯವಿಲ್ಲ ಅಂತ ಸೈಮ್ ಕಣ್ಣರಳಿಸಿ ಹೇಳುತ್ತಾನೆ.

ಪಾಪ, ಇಷ್ಟು ನಿಷ್ಠೆ ಇದ್ದ ಅವನ ಗತಿ ಏನಾಯಿತು ಅಂತ ಹೇಳಿ ಮುಗಿಸುತ್ತೇನೆ. ಸೈಮ್ ಕಚೇರಿಯ ಚೆಸ್ ಸಮಿತಿಯಲ್ಲಿದ್ದ. ಒಂದು ಬೆಳಿಗ್ಗೆ ಅವನು ಕೆಲಸಕ್ಕೆ ಬರಲಿಲ್ಲ. ಮರುದಿನ ಅವನ ಸುದ್ದಿ ಯಾರೂ ಎತ್ತಲಿಲ್ಲ. ಅದರ ಮಾರನೆಯ ದಿನ ವಿನ್‌ಸ್ಟನ್ ಸುಮ್ನೆ ಹೋಗಿ ಸೂಚನಾ ಫಲಕ ನೋಡುತ್ತಾನೆ. ಚೆಸ್ ಸಮಿತಿಯ ಪಟ್ಟಿ ಅಲ್ಲೇ ತೂಗುತ್ತಿದೆ. ಎಲ್ಲೂ ಗೀಟು ಹಾಕಿಲ್ಲ, ಅಳಿಸಿಲ್ಲ. ಒಂದು ಹೆಸರು ಕಡಿಮೆ ಇದೆ, ಅಷ್ಟೇ.

ನಮಸ್ಕಾರ.