ಮೂರು ಬಿಲ್ಲೆ ದಾಟುವ ಲೆಕ್ಕ

ಎಲ್ಲರಿಗೂ ನಮಸ್ಕಾರ.

ನನ್ನ ಕೈಯಲ್ಲಿರುವ ಈ ಪ್ಲಾಸ್ಟಿಕ್ ಆಟಿಕೆ ನಿಮಗೆ ಗೊತ್ತೇ ಇರುತ್ತದೆ. ನಾಲ್ಕು ಸಾಲು, ಸಾಲಿಗೆ ನಾಲ್ಕು ಮನೆ. ಅದರಲ್ಲಿ ಒಂದರಿಂದ ಹದಿನೈದರವರೆಗೆ ಬಿಲ್ಲೆಗಳು, ಒಂದು ಮನೆ ಖಾಲಿ. ಬಿಲ್ಲೆಗಳನ್ನು ಸರಿಸಿ ಸರಿಸಿ ಕ್ರಮಕ್ಕೆ ತರಬೇಕು. ಕೊನೆಯಲ್ಲಿ ಕೆಳಗಿನ ಬಲಮೂಲೆ ಖಾಲಿ ಉಳಿಯಬೇಕು.

ಚಿಕ್ಕವನಿದ್ದಾಗ ಜಾತ್ರೆಯಲ್ಲಿ ಕೊಡಿಸಿದ್ದರು. ಸರಿಸಿ ಸರಿಸಿ ಬೇಜಾರಾಗಿ, ಒಂದು ದಿನ ಪಿನ್ನಿನಿಂದ ಬಿಲ್ಲೆಗಳನ್ನೆಲ್ಲ ಎಬ್ಬಿಸಿ, ಮತ್ತೆ ಮನಸ್ಸಿಗೆ ಬಂದ ಹಾಗೆ ಒತ್ತಿ ಕೂರಿಸಿದೆ. ಆಮೇಲೆ ಎಷ್ಟು ದಿನ ಆಡಿದರೂ ಕೊನೆಗೆ ಎರಡು ಬಿಲ್ಲೆ ಅದಲುಬದಲಾಗಿ ನಿಲ್ಲುತ್ತಿದ್ದವು. ಇನ್ನೇನು ಆಯ್ತು ಅನ್ನುವಷ್ಟರಲ್ಲಿ ಹೀಗೆ! ನನಗೇ ಆಡಲು ಬರುವುದಿಲ್ಲ ಅಂದುಕೊಂಡಿದ್ದೆ. ತಪ್ಪು ನನ್ನ ಆಟದಲ್ಲಿರಲಿಲ್ಲ, ಪಿನ್ನಿನಲ್ಲಿತ್ತು. ಹದಿನಾರು ಮನೆಗಳಲ್ಲಿ ಈ ಬಿಲ್ಲೆಗಳನ್ನು ಸುಮಾರು 21 ಲಕ್ಷ ಕೋಟಿ ರೀತಿಯಲ್ಲಿ ಕೂರಿಸಬಹುದು. ಅದರಲ್ಲಿ ಸರಿಯಾಗಿ ಅರ್ಧದಷ್ಟನ್ನು ಎಷ್ಟು ಸರಿಸಿದರೂ ಬಿಡಿಸಲು ಆಗುವುದಿಲ್ಲ.

ಹಾಗಾದರೆ ನಿಮ್ಮ ಕೈಯಲ್ಲಿರುವುದು ಯಾವ ಅರ್ಧಕ್ಕೆ ಸೇರಿದ್ದು? ಒಂದು ಬಿಲ್ಲೆಯನ್ನೂ ಮುಟ್ಟದೆ ಹೇಳಬಹುದು. ಈ ಹಲಗೆ ನೋಡಿ:

```
 5   1   3   4
 2   6   8   .
 9  10   7  11
13  14  15  12
```

ಖಾಲಿ ಮನೆಗೆ ಚುಕ್ಕಿ ಇಟ್ಟಿದ್ದೇನೆ. ಈಗ ಇದನ್ನು ಪುಸ್ತಕ ಓದುವ ಹಾಗೆ ಎಡದಿಂದ ಬಲಕ್ಕೆ, ಸಾಲಾದ ಮೇಲೆ ಸಾಲು ಓದಿ. ಖಾಲಿ ಮನೆ ಬಂದರೆ ಸುಮ್ನೆ ದಾಟಿಬಿಡಿ. ದೊಡ್ಡ ಸಂಖ್ಯೆ ಮೊದಲು ಬಂದು ಚಿಕ್ಕದು ಆಮೇಲೆ ಬಂದರೆ, ಆ ಜೋಡಿಯನ್ನು ಒಂದು ಇನ್ವರ್ಷನ್ ಅನ್ನುತ್ತಾರೆ. ನಾನು ಅದನ್ನು ತಲೆಕೆಳಗು ಜೋಡಿ ಅನ್ನುತ್ತೇನೆ. ಎರಡೂ ಪಕ್ಕಪಕ್ಕದಲ್ಲೇ ಇರಬೇಕು ಅಂತಿಲ್ಲ, ಎಷ್ಟು ದೂರ ಇದ್ದರೂ ಲೆಕ್ಕಕ್ಕೆ ಬರುತ್ತದೆ.

5ರಿಂದ ಶುರು ಮಾಡೋಣ. ಅದರ ನಂತರ ಬರುವ ಚಿಕ್ಕವು 1, 3, 4, 2. ನಾಲ್ಕು ಜೋಡಿ ಆಯಿತು. 3ರ ನಂತರ 2 ಇದೆ, 4ರ ನಂತರವೂ 2 ಇದೆ. ಇವೆರಡು ಸೇರಿ ಆರು. ಮುಂದೆ 7 ಹಿಂದೆ ಉಳಿದಿದೆ. ಅದಕ್ಕಿಂತ ಮೊದಲೇ 8, 9, 10 ಬಂದು ಕೂತಿವೆ. ಒಂಬತ್ತಾಯಿತು. ಕೊನೆಯ ಸಾಲಿನಲ್ಲಿ 12ರ ಮುಂದೆ 13, 14, 15. ಒಟ್ಟು ಹನ್ನೆರಡು.

ಇನ್ನು ಖಾಲಿ ಮನೆ ಮೇಲಿನಿಂದ ಎಷ್ಟನೇ ಸಾಲಿನಲ್ಲಿದೆ? ಎರಡನೇ ಸಾಲು. 12ಕ್ಕೆ 2 ಕೂಡಿದರೆ 14. ಈ ಮೊತ್ತ ಸಮ ಸಂಖ್ಯೆಯಾದರೆ ಹಲಗೆ ಬಿಡಿಸಬಹುದು, ಬೆಸವಾದರೆ ಸಾಧ್ಯವೇ ಇಲ್ಲ. ನಮ್ಮದು ಸಮ, ಹಾಗಾಗಿ ಧೈರ್ಯವಾಗಿ ಆಡಬಹುದು.

ಇದು ಯಾಕೆ ನಿಜ? ಬಿಲ್ಲೆಯನ್ನು ಪಕ್ಕಕ್ಕೆ ಸರಿಸಿದರೆ ಓದುವ ಕ್ರಮ ಬದಲಾಗುವುದಿಲ್ಲ, ಖಾಲಿ ಮನೆಯ ಸಾಲೂ ಬದಲಾಗುವುದಿಲ್ಲ. ಮೊತ್ತ ಇದ್ದ ಹಾಗೇ ಇರುತ್ತದೆ. ಮೇಲೆ ಅಥವಾ ಕೆಳಗೆ ಸರಿಸಿದಾಗ ಮಾತ್ರ ಬದಲಾವಣೆ. ನಮ್ಮ ಹಲಗೆಯಲ್ಲಿ 4ನ್ನು ಕೆಳಗಿನ ಖಾಲಿ ಮನೆಗೆ ಇಳಿಸಿ ನೋಡಿ. ಓದುವ ಕ್ರಮದಲ್ಲಿ ಅದು 2, 6, 8 ಈ ಮೂರನ್ನು ದಾಟಿ ಹಿಂದಕ್ಕೆ ಹೋಯಿತು. 2ರ ಜೊತೆಗಿದ್ದ ತಲೆಕೆಳಗು ಸರಿಹೋಯಿತು, 6 ಮತ್ತು 8ರ ಜೊತೆ ಹೊಸದಾಗಿ ಎರಡು ಹುಟ್ಟಿದವು. ಹನ್ನೆರಡು ಇದ್ದದ್ದು ಹದಿಮೂರಾಯಿತು. ಖಾಲಿ ಮನೆ ಎರಡನೇ ಸಾಲಿನಿಂದ ಒಂದನೇ ಸಾಲಿಗೆ ಹೋಯಿತು. ಮೊತ್ತ ಮತ್ತೆ 14.

ಮೊತ್ತ ಯಾವಾಗಲೂ 14 ಇರುತ್ತದೆ ಅಂತಲ್ಲ. 4ರ ಬದಲು 11ನ್ನು ಮೇಲಕ್ಕೆ ಸರಿಸಿದ್ದರೆ ಅದು 9, 10, 7ನ್ನು ದಾಟಿ ಮುಂದೆ ಬರುತ್ತಿತ್ತು. ಮೂರೂ ಅದಕ್ಕಿಂತ ಚಿಕ್ಕವು. ಜೋಡಿ 15, ಸಾಲು 3, ಮೊತ್ತ 18. ಸಂಖ್ಯೆ ಬೇರೆ, ಆದರೆ ಇದೂ ಸಮವೇ. ಗುಟ್ಟು ಇರುವುದು ಆ ಮೂರರಲ್ಲಿ. ನಾಲ್ಕು ಮನೆಯ ಸಾಲಿನಲ್ಲಿ ಬಿಲ್ಲೆ ಮೇಲೆ ಹೋಗಲಿ, ಕೆಳಗೆ ಬರಲಿ, ಸರಿಯಾಗಿ ಮೂರು ಬಿಲ್ಲೆಗಳನ್ನು ದಾಟುತ್ತದೆ. ದಾಟಿದ ಪ್ರತಿ ಜೋಡಿಯಲ್ಲೂ ಒಂದು ಹೆಚ್ಚುತ್ತದೆ ಇಲ್ಲವೇ ಒಂದು ಕಡಿಮೆಯಾಗುತ್ತದೆ. ಹಾಗಾಗಿ ಒಟ್ಟು ಬದಲಾವಣೆ ಒಂದು ಅಥವಾ ಮೂರು, ಅಂದರೆ ಬೆಸ. ಖಾಲಿ ಮನೆಯ ಸಾಲೂ ಒಂದು ಬದಲಾಗುತ್ತದೆ, ಅದೂ ಬೆಸ. ಎರಡು ಬೆಸ ಸೇರಿ ಸಮ. ಕ್ರಮಕ್ಕೆ ಬಂದ ಹಲಗೆಯಲ್ಲಿ ಜೋಡಿ ಸೊನ್ನೆ, ಸಾಲು ನಾಲ್ಕು. ಮೊತ್ತ ಸಮ. ಬೆಸದಿಂದ ಹೊರಟವರು ಅಲ್ಲಿಗೆ ಮುಟ್ಟುವುದು ಹೇಗೆ?

ಇಲ್ಲಿ ಒಬ್ಬರಾದರೂ ಕೇಳಬೇಕು: ಬೆಸವಾದರೆ ಆಗದು, ಸರಿ. ಆದರೆ ಸಮವಾದದ್ದೆಲ್ಲ ಬಿಡಿಸಲು ಆಗಿಯೇ ಆಗುತ್ತದೆ ಅಂತ ಏನು ಗ್ಯಾರಂಟಿ? ಅದು ಬೇರೆಯದೇ ಪ್ರಶ್ನೆ. 1879ರಲ್ಲಿ ಅಮೆರಿಕದ ಒಂದು ಗಣಿತ ಪತ್ರಿಕೆಯಲ್ಲಿ ಬೆಸದ ಭಾಗವನ್ನು ಜಾನ್ಸನ್ ಬರೆದರು, ಸಮದ ಭಾಗವನ್ನು ಸ್ಟೋರಿ ಬರೆದರು. ನಾವು ಆಡುವ ರೀತಿಯಲ್ಲೇ ಇದನ್ನು ಕಾಣಬಹುದು. ಮೇಲಿನ ಎರಡು ಸಾಲು ಕೂರಿಸುತ್ತೇವೆ. ಆಮೇಲೆ ಎಡಗಡೆ 9 ಮತ್ತು 13, ಅದರ ಪಕ್ಕ 10 ಮತ್ತು 14. ಇದಿಷ್ಟನ್ನು ಯಾವ ಹಲಗೆಯಲ್ಲಾದರೂ ಮಾಡಬಹುದು. ಉಳಿಯುವುದು ನಾಲ್ಕು ಮನೆ, ಮೂರು ಬಿಲ್ಲೆ: 11, 12, 15. ಮೂಲೆಯನ್ನು ಖಾಲಿ ಬಿಟ್ಟು ಮೂರನ್ನು ಆರು ರೀತಿಯಲ್ಲಿ ಇಡಬಹುದು. ಅದರಲ್ಲಿ ಮೂರರ ಮೊತ್ತ ಸಮ, ಮೂರರದು ಬೆಸ. ಸಮದ ಮೂರೂ ಒಂದನ್ನೊಂದು ಸುತ್ತಿ ಬಂದವೇ. ಗಾಣದ ಎತ್ತಿನ ಹಾಗೆ ತಿರುಗಿಸುತ್ತಾ ಹೋದರೆ ಸಾಕು, ಕ್ರಮಕ್ಕೆ ಬರುತ್ತವೆ. ಬೆಸದ ಹಲಗೆಯವರು ಎಡವುವುದು ಇದೇ ನಾಲ್ಕು ಮನೆಯಲ್ಲಿ. ಅಲ್ಲಿಯವರೆಗೆ ಅನುಮಾನವೇ ಬರುವುದಿಲ್ಲ.

ಎಣಿಸುವಾಗ ಆಗುವ ತಪ್ಪುಗಳಲ್ಲಿ ಎರಡು ಜಾಸ್ತಿ. ಪ್ರೋಗ್ರಾಂ ಬರೆಯುವವರು ಖಾಲಿ ಮನೆಗೆ 0 ಇಟ್ಟು, ಅದನ್ನೂ ಬಿಲ್ಲೆಯೆಂದು ಎಣಿಸಿಬಿಡುತ್ತಾರೆ. ಆಗ ಅದರ ಮುಂದಿರುವ ಬಿಲ್ಲೆಗಳೆಲ್ಲ ತಲೆಕೆಳಗು ಲೆಕ್ಕಕ್ಕೆ ಸೇರುತ್ತವೆ. ಬಿಲ್ಲೆಯನ್ನು ಪಕ್ಕಕ್ಕೆ ಒಂದು ಸಲ ಸರಿಸಿದರೂ ಉತ್ತರ ಬದಲಾದರೆ, ಇದೇ ತಪ್ಪು ಅಂತ ತಿಳಿಯಿರಿ. ಎರಡನೆಯದು ಸಾಲು ಎಣಿಸುವ ದಿಕ್ಕು. ಕೆಲವರು ಸಾಲನ್ನು ಕೆಳಗಿನಿಂದ ಎಣಿಸುತ್ತಾರೆ, ಅದೂ ಸರಿಯೇ. ಆದರೆ ಆಗ ಮೊತ್ತ ಬೆಸವಾದರೆ ಬಿಡಿಸಬಹುದು. ಗೊಂದಲವಾದರೆ ಮೊದಲು ಕ್ರಮವಾಗಿರುವ ಹಲಗೆಯನ್ನೇ ಎಣಿಸಿ. ಅದಕ್ಕೆ ಬಂದದ್ದೇ ನಿಮ್ಮ ಸರಿ ಉತ್ತರ.

ಮೂರು ಸಾಲು, ಮೂರು ಮನೆಯ ಚಿಕ್ಕ ಹಲಗೆಗೆ ಈ ಸೂತ್ರ ಹಾಕಬೇಡಿ. ಅಲ್ಲಿ ಮೇಲೆ ಕೆಳಗೆ ಹೋಗುವ ಬಿಲ್ಲೆ ಎರಡನ್ನೇ ದಾಟುತ್ತದೆ. ಜೋಡಿಗಳ ಸಂಖ್ಯೆ ಸಮವಾದರೆ ಸಾಕು, ಖಾಲಿ ಮನೆಯ ಸಾಲು ಬೇಕಾಗಿಲ್ಲ.

ಇನ್ನು 14–15ರ ಕಥೆ. ಈ ಆಟ ಕಟ್ಟಿದವರು ನ್ಯೂಯಾರ್ಕ್ ರಾಜ್ಯದ ಕನಸ್ಟೋಟ ಊರಿನ ಪೋಸ್ಟ್‌ಮಾಸ್ಟರ್ ನಾಯ್ಸ್ ಚಾಪ್ಮನ್. 1880ರಲ್ಲಿ ಅಮೆರಿಕದಲ್ಲಿ ಇದರ ಹುಚ್ಚು ಹಿಡಿದಿತ್ತು. ಒಗಟುಗಾರ ಸ್ಯಾಮ್ ಲಾಯ್ಡ್ ಮಾತ್ರ 1891ರಿಂದ ಇದು ನನ್ನದೇ ಅನ್ನತೊಡಗಿದ, ಅದು ಶುದ್ಧ ಸುಳ್ಳು. ಎಲ್ಲ ಕ್ರಮವಾಗಿದ್ದು 14 ಮತ್ತು 15 ಮಾತ್ರ ಅದಲುಬದಲಾದ ಹಲಗೆಯನ್ನು ಬಿಡಿಸಿದವರಿಗೆ 1000 ಡಾಲರ್ ಅಂದ. ಅಲ್ಲಿ ಜೋಡಿ ಒಂದು, ಸಾಲು ನಾಲ್ಕು, ಮೊತ್ತ ಐದು. ಬೆಸ. ದುಡ್ಡು ಕೊಡುವ ಭಯ ಅವನಿಗಿರಲಿಲ್ಲ ಬಿಡಿ.

ಆದರೆ ಅದೇ ಹಲಗೆಯಲ್ಲಿ ಇನ್ನೊಂದು ಕೆಲಸ ಆಗುತ್ತದೆ. ಖಾಲಿ ಮನೆ ಮೇಲಿನ ಎಡಮೂಲೆಯಲ್ಲಿದ್ದು, ಅದರ ಪಕ್ಕದಿಂದ 1, 2, 3 ಅಂತ 15ರವರೆಗೆ ಕ್ರಮ ಬರಬೇಕು ಅಂದುಕೊಳ್ಳಿ. ಆಗ ಜೋಡಿ ಸೊನ್ನೆ, ಸಾಲು ಒಂದು, ಮೊತ್ತ ಒಂದು. ಇದೂ ಬೆಸವೇ, ಹಾಗಾಗಿ ಇಲ್ಲಿಗೆ ಮುಟ್ಟಬಹುದು. ಈ ಆಟಿಕೆಯನ್ನು ಹಾಗೆಯೇ 14, 15 ಬದಲಿಸಿ ತಂದಿದ್ದೇನೆ. ಮುಂದಿನ ಸಾಲಿನಲ್ಲಿರುವ ಯಾರಾದರೂ ತೆಗೆದುಕೊಳ್ಳಿ. ಪಿನ್ನು ಮಾತ್ರ ಕೊಡುವುದಿಲ್ಲ.